ಗುಂಪು ಇಮೇಲ್ ವಿಳಾಸ

ಗುಂಪು ಇಮೇಲ್ ವಿಳಾಸ ಎಂದರೆ ಒಬ್ಬರಿಗಿಂತ ಹೆಚ್ಚು ಜನರು ಒಟ್ಟಾಗಿ ಪತ್ರಗಳನ್ನು ಪಡೆಯಲು ಬಳಸುವ ಇಮೇಲ್ ವಿಳಾಸ. ಇದನ್ನು ಮುಖ್ಯವಾಗಿ ಗುಂಪು ಅಲಿಯಾಸ್, ವಿತರಣಾ ಪಟ್ಟಿ ಹಾಗೂ ಹಂಚಿಕೆಯ ಮೇಲ್‌ಬಾಕ್ಸ್ ಎಂಬ ಮೂರು ವಿಧಗಳಲ್ಲಿ ರೂಪಿಸಲಾಗುತ್ತದೆ. ಹೊರಗಿನಿಂದ ಬರೆಯುವವರಿಗೆ ಮೂರೂ ಒಂದೇ ರೀತಿ ಕಾಣುತ್ತವೆ. ಇವುಗಳ ವ್ಯತ್ಯಾಸವು ಪ್ರತ್ಯುತ್ತರ ಕಳುಹಿಸುವಾಗ ಗೋಚರಿಸುತ್ತದೆ.

## ಪ್ರತ್ಯುತ್ತರದ ವಿಳಾಸ

ಪತ್ರದ ಶಿರೋಭಾಗದಲ್ಲಿ `Reply-To` ಎಂಬ ಸಾಲು ಇದ್ದರೆ ಪ್ರತ್ಯುತ್ತರವು ಅಲ್ಲಿ ನಮೂದಿಸಿದ ವಿಳಾಸಕ್ಕೆ ಹೋಗುತ್ತದೆ. ಇಲ್ಲದಿದ್ದರೆ `From` ಸಾಲಿನ ವಿಳಾಸಕ್ಕೆ ಹೋಗುತ್ತದೆ. ಪತ್ರವು ಮೊದಲು ಯಾವ ವಿಳಾಸಕ್ಕೆ ಬಂದಿತ್ತು ಎಂಬುದು ಇದನ್ನು ನಿರ್ಧರಿಸುವುದಿಲ್ಲ. ಶಿರೋಭಾಗವಲ್ಲದೆ ಪತ್ರಕ್ಕೆ ಲಕೋಟೆಯಂತಹ ಪ್ರತ್ಯೇಕ ಕಳುಹಿಸುವವರ ವಿಳಾಸವೂ ಇರುತ್ತದೆ. ತಲುಪದ ಪತ್ರದ ಸೂಚನೆಯು ಈ ಲಕೋಟೆ ವಿಳಾಸಕ್ಕೆ ಹಿಂದಿರುಗುತ್ತದೆ.

ಉದಾಹರಣೆಗೆ, ಕಾಲೇಜೊಂದರ ಪ್ರವೇಶ ವಿಭಾಗದ ವಿಳಾಸ `pravesha@example.org` ಎಂದೂ, ಅಲ್ಲಿ ಆಶಾ, ರವಿ ಮತ್ತು ಸಲ್ಮಾ ಎಂಬ ಮೂವರು ಸಿಬ್ಬಂದಿ ಇದ್ದಾರೆಂದೂ ಭಾವಿಸಬಹುದು. ಶುಲ್ಕ ಪಾವತಿಯ ಕೊನೆಯ ದಿನ ಯಾವುದೆಂದು ವಿದ್ಯಾರ್ಥಿನಿಯೊಬ್ಬಳು ಈ ವಿಳಾಸಕ್ಕೆ ಬರೆದು ಕೇಳುತ್ತಾಳೆ.

## ಗುಂಪು ಅಲಿಯಾಸ್

ಅಲಿಯಾಸ್‌ಗೆ ತನ್ನದೇ ಆದ ಪೆಟ್ಟಿಗೆ ಇರುವುದಿಲ್ಲ. ಅದು ಒಂದು ಹೆಸರನ್ನು ಹಲವು ವಿಳಾಸಗಳಾಗಿ ವಿಸ್ತರಿಸುವ ನಿಯಮ ಮಾತ್ರ. ಯುನಿಕ್ಸ್ ಮಾದರಿಯ ಮೇಲ್ ಸರ್ವರ್‌ಗಳಲ್ಲಿ ಇದನ್ನು `/etc/aliases` ಕಡತದ ಒಂದೇ ಸಾಲಿನಲ್ಲಿ ಬರೆಯಲಾಗುತ್ತದೆ:

```
pravesha: asha, ravi, salma
```

ಪತ್ರದ ಮೂರು ಪ್ರತಿಗಳು ಮೂವರ ಪೆಟ್ಟಿಗೆಗಳನ್ನು ಸೇರುತ್ತವೆ. ಆಶಾ ತಮ್ಮ ಸ್ವಂತ ವಿಳಾಸದಿಂದ ಉತ್ತರಿಸಿದರೆ ರವಿ ಮತ್ತು ಸಲ್ಮಾ ಅವರಿಗೆ ಅದು ತಿಳಿಯುವುದಿಲ್ಲ. ಹೀಗಾಗಿ ರವಿ ಮತ್ತೊಂದು ಉತ್ತರ ಕಳುಹಿಸಬಹುದು, ಅಥವಾ ಬೇರೆಯವರು ಉತ್ತರಿಸಿರಬಹುದೆಂದು ಮೂವರೂ ಸುಮ್ಮನಾಗಬಹುದು. ವಿದ್ಯಾರ್ಥಿನಿಯ ಮುಂದಿನ ಪ್ರಶ್ನೆಯು ಆಶಾ ಅವರಿಗೆ ಮಾತ್ರ ಹೋಗುತ್ತದೆ. ಅವರು ರಜೆಯಲ್ಲಿದ್ದರೆ ಅದನ್ನು ನೋಡುವವರೇ ಇರುವುದಿಲ್ಲ. ಉತ್ತರಿಸುವಾಗ `Cc` ಮತ್ತು `Reply-To` ಸಾಲುಗಳಲ್ಲಿ ಗುಂಪಿನ ವಿಳಾಸವನ್ನು ಸೇರಿಸಿದರೆ ಈ ತೊಂದರೆ ತಪ್ಪುತ್ತದೆ.

## ವಿತರಣಾ ಪಟ್ಟಿ

ವಿತರಣಾ ಪಟ್ಟಿಯೂ ಪ್ರತಿಗಳನ್ನೇ ಹಂಚುತ್ತದೆ. ಆದರೆ ಅದಕ್ಕೆ ಸದಸ್ಯತ್ವ, ನಿರ್ವಾಹಕ ಹಾಗೂ ಯಾರು ಬರೆಯಬಹುದೆಂಬ ನಿಯಮಗಳಿರುತ್ತವೆ. 2008ರಲ್ಲಿ ಪ್ರಕಟವಾದ RFC 5321 ಎಂಬ ಮಾನದಂಡವು ಅಲಿಯಾಸ್ ಮತ್ತು ಪಟ್ಟಿಯನ್ನು ಲಕೋಟೆ ವಿಳಾಸದ ಆಧಾರದ ಮೇಲೆ ಬೇರ್ಪಡಿಸುತ್ತದೆ. ಅಲಿಯಾಸ್‌ನಲ್ಲಿ ಮೂಲ ಕಳುಹಿಸುವವರ ಲಕೋಟೆ ವಿಳಾಸ ಹಾಗೆಯೇ ಉಳಿಯುತ್ತದೆ. ಪಟ್ಟಿಯಲ್ಲಿ ಅದನ್ನು ನಿರ್ವಾಹಕರ ವಿಳಾಸಕ್ಕೆ ಬದಲಿಸಬೇಕು. ಸಲ್ಮಾ ಅವರ ಪೆಟ್ಟಿಗೆ ತುಂಬಿದ್ದರೆ, ಅಲಿಯಾಸ್‌ನಲ್ಲಿ ಪತ್ರ ತಲುಪಲಿಲ್ಲವೆಂಬ ಸೂಚನೆ ವಿದ್ಯಾರ್ಥಿನಿಗೆ ಹೋಗುತ್ತದೆ. ಪಟ್ಟಿಯಲ್ಲಿ ಅದು ನಿರ್ವಾಹಕರಿಗೆ ಹೋಗುತ್ತದೆ.

ಕೆಲವು ಪಟ್ಟಿಗಳು `Reply-To` ಸಾಲಿನಲ್ಲಿ ಪಟ್ಟಿಯ ವಿಳಾಸವನ್ನೇ ಇರಿಸುತ್ತವೆ. ಸದಸ್ಯರ ನಡುವಿನ ಚರ್ಚೆಗೆ ಇದು ಅನುಕೂಲಕರ. ಹೊರಗಿನವರ ಪ್ರಶ್ನೆಗಳಿಗೆ ಇದೇ ಅಡಚಣೆಯಾಗುತ್ತದೆ: ರವಿ ಅವರ ಉತ್ತರವು ಸಹೋದ್ಯೋಗಿಗಳಿಗೆ ತಲುಪುತ್ತದೆ, ಆದರೆ ಸದಸ್ಯಳಲ್ಲದ ವಿದ್ಯಾರ್ಥಿನಿಗೆ ತಲುಪುವುದಿಲ್ಲ. ಕಳುಹಿಸುವ ಮುನ್ನ `To` ಸಾಲನ್ನು ನೋಡಿದರೆ ಈ ದೋಷ ಗೊತ್ತಾಗುತ್ತದೆ.

ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನ ವಿತರಣಾ ಗುಂಪುಗಳು `Reply-To` ಸಾಲನ್ನು ಬದಲಿಸುವುದಿಲ್ಲವಾದ್ದರಿಂದ, ಪ್ರತ್ಯುತ್ತರದ ವಿಷಯದಲ್ಲಿ ಅವು ಅಲಿಯಾಸ್‌ನಂತೆ ವರ್ತಿಸುತ್ತವೆ. ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಅವು ಸಂಸ್ಥೆಯ ಹೊರಗಿನ ಪತ್ರಗಳನ್ನು ಸ್ವೀಕರಿಸುವುದಿಲ್ಲ.

## ಹಂಚಿಕೆಯ ಮೇಲ್‌ಬಾಕ್ಸ್

ಇಲ್ಲಿ ಪತ್ರದ ಒಂದೇ ಪ್ರತಿ ಇರುತ್ತದೆ. ಅನುಮತಿ ಪಡೆದ ಮೂವರೂ ಅದೇ ಪೆಟ್ಟಿಗೆಯನ್ನು ತೆರೆಯುತ್ತಾರೆ. ವಿಭಾಗದ ಹೆಸರಿನಲ್ಲಿ ಕಳುಹಿಸುವ ಅನುಮತಿಯಿದ್ದು ಅದನ್ನು ಬಳಸಿದರೆ ಉತ್ತರದ `From` ಸಾಲಿನಲ್ಲಿ `pravesha@example.org` ಇರುತ್ತದೆ. ಆದ್ದರಿಂದ ವಿದ್ಯಾರ್ಥಿನಿಯ ಮರುಪ್ರಶ್ನೆಯೂ ವಿಭಾಗದ ಪೆಟ್ಟಿಗೆಗೇ ಬರುತ್ತದೆ. ಯಾರು ರಜೆಯಲ್ಲಿದ್ದರೂ ಉಳಿದವರು ಪತ್ರವ್ಯವಹಾರವನ್ನು ಮುಂದುವರಿಸಬಹುದು.

ಈ ವಿಧಾನಕ್ಕೂ ಮಿತಿಗಳಿವೆ. ಎಕ್ಸ್‌ಚೇಂಜ್‌ನಲ್ಲಿ ಒಬ್ಬರು ಪತ್ರವನ್ನು ತೆರೆದರೆ ಅದು ಎಲ್ಲರಿಗೂ ಓದಿದ ಪತ್ರವಾಗಿ ಕಾಣುವುದರಿಂದ, ಉತ್ತರಿಸದ ಪತ್ರವೂ ಮರೆಯಾಗಬಹುದು. ಇದನ್ನು ತಪ್ಪಿಸಲು ಉತ್ತರಿಸಿದ ಪತ್ರಗಳನ್ನು ಬೇರೆ ಫೋಲ್ಡರ್‌ಗೆ ಸರಿಸುವ ಪದ್ಧತಿಯಿದೆ. ಇದಲ್ಲದೆ, ಕಳುಹಿಸಿದ ಉತ್ತರದ ಪ್ರತಿಯು ಸಾಮಾನ್ಯವಾಗಿ ಬರೆದವರ ಸ್ವಂತ ಪೆಟ್ಟಿಗೆಯಲ್ಲಿ ಮಾತ್ರ ಉಳಿಯುತ್ತದೆ. ಹಂಚಿಕೆಯ ಪೆಟ್ಟಿಗೆಯಲ್ಲಿಯೂ ಪ್ರತಿ ಉಳಿಯುವಂತೆ ಮಾಡಲು ನಿರ್ವಾಹಕರು ಈ ಆದೇಶವನ್ನು ನೀಡಬೇಕು:

```
Set-Mailbox pravesha@example.org -MessageCopyForSentAsEnabled $true
```

## ಬಳಕೆ

ಹೊರಗಿನವರಿಗೆ ವಿಭಾಗದ ಹೆಸರಿನಲ್ಲಿ ಉತ್ತರಿಸಬೇಕಾದಲ್ಲಿ ಹಂಚಿಕೆಯ ಮೇಲ್‌ಬಾಕ್ಸ್ ಸೂಕ್ತ. ಪ್ರಕಟಣೆ ಅಥವಾ ಸದಸ್ಯರ ಚರ್ಚೆಗೆ ವಿತರಣಾ ಪಟ್ಟಿಯನ್ನು ಬಳಸಲಾಗುತ್ತದೆ. ಸರ್ವರ್‌ನ ಎಚ್ಚರಿಕೆ ಸಂದೇಶಗಳಂತಹ, ಪ್ರತ್ಯುತ್ತರದ ಅಗತ್ಯವಿಲ್ಲದ ಪತ್ರಗಳನ್ನು ಕೆಲವರಿಗೆ ತಲುಪಿಸಲು ಗುಂಪು ಅಲಿಯಾಸ್ ಸಾಕಾಗುತ್ತದೆ.