ಮೂರು ದಿನವೋ ಹತ್ತು ದಿನವೋ: ಮೂಗಿನ ಸ್ಪ್ರೇ ಮತ್ತು ಮರುಕಟ್ಟುವಿಕೆಯ ಗಡಿ

ಆಕ್ಸಿಮೆಟಜೋಲಿನ್ ಸ್ಪ್ರೇಯನ್ನು 3 ದಿನಕ್ಕಿಂತ ಹೆಚ್ಚು ಬಳಸಬೇಡಿ ಎಂದು ಅಮೆರಿಕದ ಪೊಟ್ಟಣ ಎಚ್ಚರಿಸುತ್ತದೆ. ಅದೇ ವರ್ಗದ ಜೈಲೋಮೆಟಜೋಲಿನ್‌ಗೆ ಬ್ರಿಟನ್ನಿನಲ್ಲಿ ಬಹುಕಾಲ 7 ದಿನದ ಮಿತಿ ಇತ್ತು. ಸ್ವೀಡನ್ನಿನಲ್ಲಿ 10 ದಿನದವರೆಗೂ ಅವಕಾಶವುಂಟು. ಊರಿಗೊಂದು ಮಿತಿ ಇರುವುದರಿಂದಲೇ ಅದರ ಆಧಾರವನ್ನು ಕೇಳಬೇಕಾಗಿದೆ.

ಒಪ್ಪಿತವಾದದ್ದನ್ನು ಬೇಗ ಹೇಳಿ ಮುಗಿಸಬಹುದು. ಮೂಗಿನೊಳಗಿನ ಪಕ್ಕದ ಮಡಿಕೆಗಳಲ್ಲಿ, ಅಂದರೆ ಟರ್ಬಿನೇಟುಗಳಲ್ಲಿ, ರಕ್ತ ತುಂಬಿಕೊಳ್ಳುವ ಅಭಿಧಮನಿಗಳ ಜಾಲವಿದೆ. ನೆಗಡಿಯಲ್ಲಿ ಈ ಜಾಲ ಉಬ್ಬಿ ದಾರಿ ಮುಚ್ಚುತ್ತದೆ. ಸ್ಪ್ರೇಯ ಔಷಧ ಆಲ್ಫಾ ಗ್ರಾಹಕಗಳನ್ನು ಚೋದಿಸಿ ರಕ್ತನಾಳಗಳನ್ನು ಸಂಕೋಚಿಸುವುದರಿಂದ ನಿಮಿಷಗಳಲ್ಲಿ ಉಸಿರು ಸಲೀಸಾಗುತ್ತದೆ. ದೀರ್ಘ ಬಳಕೆಯಿಂದ ಮೂಗು ಮತ್ತೆ ಕಟ್ಟುವ ಸ್ಥಿತಿಗೆ ಲೇಕ್ ಎಂಬ ವೈದ್ಯರು 1946ರಲ್ಲಿ ರೈನೈಟಿಸ್ ಮೆಡಿಕಮೆಂಟೋಸಾ ಎಂದು ಹೆಸರಿಟ್ಟರು. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಕಾಲದ ಬಗ್ಗೆ. 1990ರ ದಶಕದಲ್ಲಿ ಸ್ವೀಡನ್ನಿನ ಪೀಟರ್ ಗ್ರಾಫ್ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರಿಗೆ ದಿನಕ್ಕೆ ಮೂರು ಸಲ, 30 ದಿನ ಆಕ್ಸಿಮೆಟಜೋಲಿನ್ ಕೊಟ್ಟು, ಒಳಪೊರೆಯ ಊತವನ್ನು ದೃಗುಪಕರಣದಿಂದ ಮಿಲಿಮೀಟರಿನ ಅಂಶಗಳಲ್ಲಿ ಅಳೆದರು. ತಿಂಗಳ ಕೊನೆಗೆ ಊತ ಕಂಡಿತು. ರಾತ್ರಿ ಒಮ್ಮೆ ಮಾತ್ರ ಹಾಕಿಕೊಂಡವರಲ್ಲೂ ನಾಲ್ಕು ವಾರಕ್ಕೆ ಅದು ಕಾಣಿಸಿಕೊಂಡಿತು. ಆದರೆ 2003ರಲ್ಲಿ ವಟಾನಬೆ ಮತ್ತು ಸಂಗಡಿಗರು ಅದೇ ಔಷಧವನ್ನು ದಿನಕ್ಕೆ ಮೂರು ಸಲ ನಾಲ್ಕು ವಾರ ಕೊಟ್ಟು, ಮರುಕಟ್ಟುವಿಕೆಯಾಗಲಿ ಪರಿಣಾಮದ ಕುಗ್ಗುವಿಕೆಯಾಗಲಿ ಇಲ್ಲವೆಂದು ಪ್ರಕಟಿಸಿದರು. ಇದನ್ನು ಹಿಡಿದು, ಮೂರು ದಿನದ ನಿಯಮ ಬರೀ ಅಂಜಿಕೆಯದು ಎನ್ನುವವರಿದ್ದಾರೆ. ನನಗೆ ಆ ತೀರ್ಮಾನ ಒಪ್ಪಿಗೆಯಿಲ್ಲ.

ಎರಡೂ ಗುಂಪುಗಳು ನೋಡಿದ್ದು ಕಟ್ಟದ ಮೂಗುಗಳನ್ನು. ಸ್ವಯಂಸೇವಕ ಗಡಿಯಾರ ನೋಡಿ ಸ್ಪ್ರೇ ಹಾಕಿಕೊಳ್ಳುತ್ತಾನೆ. ಅಧ್ಯಯನ ಮುಗಿದ ದಿನ ಬಾಟಲಿ ಹಿಂದಿರುಗಿಸುತ್ತಾನೆ. ರೋಗಿಯ ಗಡಿಯಾರ ಅವನ ಮೂಗೇ. ಧೂಳಿನ ಅಲರ್ಜಿಯಿರುವ ಒಬ್ಬರು ನೆಗಡಿಯಲ್ಲಿ ಸ್ಪ್ರೇ ಶುರುಮಾಡಿದರು ಎಂದುಕೊಳ್ಳೋಣ. ಮೊದಲ ದಿನಗಳಲ್ಲಿ ಒಂದು ಸಲ ಹಾಕಿದರೆ ಹತ್ತು ಗಂಟೆ ನೆಮ್ಮದಿ. ನೆಗಡಿ ವಾರದಲ್ಲಿ ಇಳಿಯುತ್ತದೆ, ಅಲರ್ಜಿ ಇಳಿಯುವುದಿಲ್ಲ. ಎರಡನೆಯ ವಾರಕ್ಕೆ ಆರು ಗಂಟೆಗೇ ಮೂಗು ಕಟ್ಟುತ್ತದೆ. ಆಗ ಅವರು ಮಾಡುವುದು ಒಂದೇ, ಮತ್ತೊಮ್ಮೆ ಹಾಕಿಕೊಳ್ಳುವುದು. ತಿಂಗಳಾಗುವಷ್ಟರಲ್ಲಿ ಅಂತರ ಎರಡು ಮೂರು ಗಂಟೆಗೆ ಇಳಿದು, ನಡುರಾತ್ರಿ ಎದ್ದು ದಿಂಬಿನಡಿ ತಡಕಾಡುವಂತಾಗುತ್ತದೆ. ಸೀನು, ಸುರಿತ ಇಲ್ಲದೆ ಕಟ್ಟುವುದೊಂದೇ ಉಳಿದಿದ್ದರೆ ಅನುಮಾನ ಬಲಗೊಳ್ಳಬೇಕು. ಕಟ್ಟಿದ್ದು ರೋಗದಿಂದಲೋ ಔಷಧದಿಂದಲೋ ಎಂದು ರೋಗಿಗೆ ತಿಳಿಯುವುದಿಲ್ಲ. ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಸರದಿಯಂತೆ ಸ್ವಲ್ಪ ಕಟ್ಟಿ ಬಿಡುವ ಸಹಜ ಚಕ್ರವೂ ಈ ಗೊಂದಲಕ್ಕೆ ಸೇರಿಕೊಳ್ಳುತ್ತದೆ.

ಹಾಗಾಗಿ ನನ್ನ ವಾದ ಇದು: ದಿನಗಳ ಲೆಕ್ಕಕ್ಕಿಂತ ಎರಡು ಬಳಕೆಗಳ ನಡುವಿನ ಅಂತರ ಕುಗ್ಗುವುದೇ ಬೇಗ ಸಿಗುವ, ನಂಬಲರ್ಹವಾದ ಸೂಚನೆ. ಮೂರನೆಯ ದಿನ ಮೂಗಿನಲ್ಲಿ ಏನೋ ಮುರಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಪುರಾವೆ ಅಷ್ಟು ದೂರ ಹೋಗುವುದೂ ಇಲ್ಲ. ಅಂತರ ಕುಗ್ಗುವುದಕ್ಕೆ ನೆಗಡಿ ಉಲ್ಬಣಿಸಿದ್ದೂ ಕಾರಣವಿರಬಹುದು. ಕೆಲವರು ಅಂತರ ಕುಗ್ಗದೆಯೇ ವರ್ಷಗಟ್ಟಲೆ ಬಳಸಿರಲೂಬಹುದು. ಆದರೂ ಕಟ್ಟಿದಾಗಲೆಲ್ಲ ಹಾಕಿಕೊಳ್ಳುವ ಸ್ವಭಾವಕ್ಕೆ ಎದುರಾಗಿ, ಚಕ್ರ ತಿರುಗುವ ಮೊದಲೇ ಕೈ ಬಿಡಿಸುವುದಕ್ಕೆ ಮೂರರಿಂದ ಐದು ದಿನದ ಮಿತಿ ಸಾಕಷ್ಟು ಅಂಚು ಬಿಟ್ಟುಕೊಡುತ್ತದೆ.

ಬಿಡುವ ವಿಧಾನದ ಮೇಲೂ ಪ್ರಯೋಗಗಳು ಬೆಳಕು ಚೆಲ್ಲುತ್ತವೆ. 2010ರಲ್ಲಿ ವೈದ್ಯನಾಥನ್, ಲಿಪ್‌ವರ್ತ್ ಮತ್ತಿತರರು ಆರೋಗ್ಯವಂತರಿಗೆ 14 ದಿನ ಆಕ್ಸಿಮೆಟಜೋಲಿನ್ ಕೊಟ್ಟಾಗ ಪರಿಣಾಮ ಕುಗ್ಗಿ ಮರುಕಟ್ಟುವಿಕೆ ಕಂಡಿತು. ಬಳಿಕ ಮೂರು ದಿನ ಫ್ಲುಟಿಕಾಸೋನ್ ಸ್ಟೀರಾಯ್ಡ್ ಸ್ಪ್ರೇ ಸೇರಿಸಿದಾಗ ಎರಡೂ ಹಿಂದೆಗೆದವು. ವಟಾನಬೆ ನಾಲ್ಕು ವಾರಕ್ಕೂ ಕಾಣದ್ದು ಇಲ್ಲಿ ಎರಡೇ ವಾರಕ್ಕೆ ಕಂಡಿತೆಂಬುದು ಗಮನಾರ್ಹ. ರೂಢಿಯಾದವರಿಗೆ ವೈದ್ಯರು ಸಾಮಾನ್ಯವಾಗಿ ಸ್ಟೀರಾಯ್ಡ್ ಸ್ಪ್ರೇ ಶುರುಮಾಡಿ ಹಳೆಯ ಸ್ಪ್ರೇಯನ್ನು ನಿಲ್ಲಿಸುತ್ತಾರೆ. ಪೂರ್ತಿ ಬಿಡಲಾಗದವರಿಗೆ ಮೊದಲು ಒಂದು ಹೊಳ್ಳೆಗೆ ಬಿಡಿಸುವುದೂ ಉಂಟು. ಮೊದಲ ಕೆಲವು ದಿನ ಕಟ್ಟುವುದು ಹೆಚ್ಚಾಗಿಯೇ ಇರುತ್ತದೆಂದು ಮುಂಚೆಯೇ ಹೇಳದಿದ್ದರೆ ಬಹುತೇಕರು ಮರಳಿ ಹಳೆಯ ಬಾಟಲಿಗೇ ಕೈಹಾಕುತ್ತಾರೆ. ಮೂಗಿನ ಗೋಡೆ ವಾಲಿದೆಯೇ, ಪಾಲಿಪ್ ಇದೆಯೇ ಎಂದು ನೋಡುವುದೂ ಇದೇ ಹಂತದಲ್ಲಿ.

ಎರಡು ಪ್ರಶ್ನೆಗಳು ಇನ್ನೂ ತೆರೆದಿವೆ. ಊತಕ್ಕೆ ಮೂಲ ಗ್ರಾಹಕಗಳ ದಣಿವೋ, ಸಂಕೋಚನದಿಂದ ರಕ್ತ ಕೊರತೆಯಾಗಿ ಅಂಗಾಂಶದಲ್ಲಿ ನೀರು ಸೇರುವುದೋ ಎಂಬುದು ಒಂದು. ಕೆಲವು ಸ್ಪ್ರೇಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕದ ಪಾಲೆಷ್ಟು ಎಂಬುದು ಇನ್ನೊಂದು. ಅದು ಊತವನ್ನು ಹೆಚ್ಚಿಸುತ್ತದೆಂದು ಗ್ರಾಫ್ ತಂಡ ವಾದಿಸಿತು, ಎಲ್ಲರೂ ಒಪ್ಪಿಲ್ಲ. ನಿಜವಾಗಿ ಕಟ್ಟಿದ ಮೂಗುಗಳಲ್ಲಿ, ರೋಗಿ ತನ್ನ ಇಷ್ಟದಂತೆ ಬಳಸುವಾಗ ಅಂತರವನ್ನು ದಿನದಿನವೂ ದಾಖಲಿಸಿದರೆ ನನ್ನ ವಾದ ನಿಲ್ಲುತ್ತದೆಯೋ ಬೀಳುತ್ತದೆಯೋ ಗೊತ್ತಾಗುತ್ತದೆ.