ಎಂಟನೇ ನಂಬರಿನ ಶುಭಾಶಯ

ತಂತಿ ಕಚೇರಿಯಲ್ಲಿ ಶುಭಾಶಯಗಳಿಗೆ ನಂಬರು ಇತ್ತು. ಮದುವೆಗೆ ಹೋಗೋಕೆ ಆಗದವರು ಫಾರಂ ಮೇಲೆ ವಿಳಾಸ ಬರೆದು, ಅದರ ಕೆಳಗೆ 8 ಅಂತ ಹಾಕಿ, ತಮ್ಮ ಹೆಸರು ಸೇರಿಸಿ, ದುಡ್ಡು ಕಟ್ಟಿ ಬಸ್ಸು ಹತ್ತುತ್ತಿದ್ದರು. ಆ ತುದಿಯ ಕಚೇರಿಯಲ್ಲಿ ಕೂತವರು ಆ 8 ಅನ್ನು ಬಿಡಿಸಿ, ದೀರ್ಘವಾದ ಸುಖೀ ದಾಂಪತ್ಯಕ್ಕೆ ಶುಭ ಕೋರುವ ಒಂದು ಇಂಗ್ಲಿಷ್ ವಾಕ್ಯ ಬರೆದು, ಚಿತ್ರವಿರುವ ಬಣ್ಣದ ಕಾಗದದಲ್ಲಿ ಮದುವೆಮನೆಗೆ ಕಳಿಸುತ್ತಿದ್ದರು. 16 ಹಾಕಿದರೆ ಸ್ವರ್ಗದ ಆಶೀರ್ವಾದ ನವದಂಪತಿಗಳ ಮೇಲೆ ಸುರಿಯಲಿ ಅಂತ ಇನ್ನೂ ಭಾರೀ ವಾಕ್ಯ. ದೀಪಾವಳಿಗೊಂದು, ಹೊಸ ವರ್ಷಕ್ಕೊಂದು, ಪರೀಕ್ಷೆ ಪಾಸಾದವರಿಗೊಂದು, ಚುನಾವಣೆ ಗೆದ್ದವರಿಗೊಂದು, ಪ್ರಯಾಣ ಸುಖಕರವಾಗಲಿ ಅನ್ನೋಕೊಂದು. ಪಟ್ಟಿ ನೋಡಿ ಆರಿಸಿಕೊಂಡರಾಯಿತು.

ಸಾಫ್ಟ್‌ವೇರಿನವನ ಕಣ್ಣಿಗೆ ಇದು ತುಂಬ ಚೆಂದದ ಕೆಲಸ. ಎರಡೂ ತುದಿಯಲ್ಲಿ ಒಂದೇ ಪಟ್ಟಿ ಇದ್ದರೆ ನಡುವೆ ವಾಕ್ಯ ಓಡಾಡಬೇಕಿಲ್ಲ, ನಂಬರು ಓಡಾಡಿದರೆ ಸಾಕು. ಎಂಟನೇ ನಂಬರಿನ ಇಂಗ್ಲಿಷ್ ವಾಕ್ಯದಲ್ಲಿ 9 ಪದ, 37 ಅಕ್ಷರ ಇದ್ದವು. ಮೋರ್ಸ್ ಸಂಕೇತದಲ್ಲಿ ಆ 37 ಅಕ್ಷರಗಳನ್ನೂ ಒಂದೊಂದಾಗಿ ಕುಟ್ಟುವ ಬದಲು ಮೂರು ಗೆರೆ ಎರಡು ಚುಕ್ಕೆ, ಅಂದರೆ 8, ಅಷ್ಟೇ ಕುಟ್ಟಿದರೆ ಮುಗಿಯಿತು. ಲಗ್ನದ ಸೀಸನ್ನಿನಲ್ಲಿ ಒಂದೇ ತಂತಿಯ ಮೇಲೆ ಸಾವಿರಾರು ಮದುವೆಗಳ ಹಾರೈಕೆ ಹೋಗಬೇಕಿತ್ತಲ್ಲ. ಇವತ್ತು ನಾವು ಕಂಪ್ರೆಷನ್ ಅನ್ನೋದು ಇದನ್ನೇ.

ನಷ್ಟವೂ ಆ ಪಟ್ಟಿಯಲ್ಲೇ ಇತ್ತು. ಸಾವಿರ ಜನ 8 ಕಳಿಸಿದರೆ ಸಾವಿರ ಮನೆಗೆ ಹೋಗೋದು ಒಂದೇ ವಾಕ್ಯ. ತೆಗೆದುಕೊಂಡವರು ಓದುತ್ತಿದ್ದದ್ದು ಕೊನೆಯ ಹೆಸರನ್ನು ಮಾತ್ರ. ಇಂಥವರು ನೆನಪಿಟ್ಟುಕೊಂಡು ತಂತಿ ಕಳಿಸಿದ್ದಾರೆ, ಅಷ್ಟೇ ಸುದ್ದಿ.

ಹಳ್ಳಿಯಲ್ಲಿ ಇದಕ್ಕೆ ಇನ್ನೊಂದು ಮುಖ ಇತ್ತು. ನಮ್ಮ ಕಡೆ 'ತಂತಿ ಬಂತು' ಅಂದರೆ ಯಾರೋ ಹೋದರು ಅಂತಲೇ ಅರ್ಥ. ಹಿರಿಯರು ಹೇಳೋದು ಕೇಳಿದ್ದೀನಿ, ತಂತಿ ಹಿಡಿದುಕೊಂಡು ಬಂದವನ ಸೈಕಲ್ಲು ಬೀದಿಗೆ ತಿರುಗಿದರೆ ಹೆಂಗಸರು ಕಾಗದ ಬಿಚ್ಚೋ ಮೊದಲೇ ಅಳೋಕೆ ಶುರು ಮಾಡ್ತಿದ್ದರಂತೆ. ಶುಭಾಶಯದ ತಂತಿಗೆ ಬೇರೆ ಬಣ್ಣದ ಕಾಗದ ಅಂದಕ್ಕೆ ಮಾತ್ರ ಇತ್ತು ಅಂತ ನನಗನ್ನಿಸೋದಿಲ್ಲ. ಇಂಗ್ಲಿಷ್ ಬಾರದ ಮನೆಯಲ್ಲಿ ಎದೆ ಒಡೆಯದ ಹಾಗೆ ನೋಡಿಕೊಳ್ಳೋಕೆ ಬಣ್ಣವೇ ಬೇಕಿತ್ತು. 1850ರಲ್ಲಿ ಕಲ್ಕತ್ತಾ ಮತ್ತು ಡೈಮಂಡ್ ಹಾರ್ಬರ್ ನಡುವೆ ಪ್ರಯೋಗಕ್ಕೆ ಅಂತ ಎಳೆದ ತಂತಿಯಿಂದ ಶುರುವಾದ ಈ ಸೇವೆ 2013ರ ಜುಲೈನಲ್ಲಿ ನಿಂತಿತು. ಆಗ ಬೆಂಗಳೂರಲ್ಲಿ ಕೆಲಸದಲ್ಲಿದ್ದ ನಮ್ಮಲ್ಲಿ ಎಷ್ಟೋ ಜನ ಒಂದೂ ತಂತಿ ಕಳಿಸದವರು.

ನಾನು ನೋಡಿದ ಪಟ್ಟಿಯಲ್ಲಿ ಹೊಸ ಕೆಲಸಕ್ಕೆ ಸೇರಿದವರಿಗೆ ಅಂತ ಬೇರೆ ವಾಕ್ಯ ಇರಲಿಲ್ಲ. ಹತ್ತಿರದ್ದು ಅಂದರೆ, ನಿಮಗೆ ದೊರೆತ ಗೌರವಕ್ಕೆ ಅಭಿನಂದನೆ ಅನ್ನುವಂಥದ್ದು. ಕೆಲಸ ಸಿಕ್ಕಿದ್ದು ಮನೆಯ ಸುದ್ದಿ, ಬಿರುದು ಬಂದರೆ ಮಾತ್ರ ಊರಿನ ಸುದ್ದಿ ಅಂತ ಆಗಿನವರ ಲೆಕ್ಕ ಇರಬೇಕು.

ಕೆಲಸದ ವಿಷಯವಾಗಿ ನಾಲ್ಕು ಜನರ ಮುಂದೆ ಒಬ್ಬರನ್ನು ಹೊಗಳೋ ಸಂಪ್ರದಾಯ ಕನ್ನಡದಲ್ಲಿ ಬೇರೆ ಕಡೆ ಇತ್ತು. ಅದು ಬಿನ್ನವತ್ತಳೆ. ಹೈಸ್ಕೂಲು ಮೇಷ್ಟ್ರಿಗೆ ವರ್ಗವಾದರೆ, ಬ್ಯಾಂಕಿನ ಮ್ಯಾನೇಜರಿಗೆ ಬಡ್ತಿ ಬಂದರೆ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಚೌಕಟ್ಟು ಹಾಕಿಸಿದ ಬಿನ್ನವತ್ತಳೆಯನ್ನು ಒಬ್ಬರು ಎದ್ದು ನಿಂತು ಗಟ್ಟಿಯಾಗಿ ಓದಿ ಕೈಗೆ ಕೊಡುತ್ತಿದ್ದರು. ನಮ್ಮೂರ ಕಡೆ ಈಗಲೂ ಉಂಟು. ಅದರ ಕಟ್ಟೋಣವನ್ನು ಗಮನಿಸಿ. ಮಾತು ಎಲ್ಲಾ ಒಬ್ಬರಿಗೆ, 'ಸನ್ಮಾನ್ಯರೇ, ತಾವು' ಅಂತ. ಓದೋದು ಮಾತ್ರ ಸಭೆಗೆ. ಸನ್ಮಾನಿತರಿಗೆ ತಾವು ಯಾರು ಅಂತ ಗೊತ್ತೇ ಇರುತ್ತೆ. ಗೊತ್ತಾಗಬೇಕಾದ್ದು ಕೆಳಗೆ ಕೂತವರಿಗೆ.

ಇದರ ಮೊಮ್ಮಗ ಫ್ಲೆಕ್ಸು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾದ ಮೇಲೆ ಫ್ಲೆಕ್ಸುಗಳು ಜಾಸ್ತಿಯೇ ಆದವು ಅಂತ ನನ್ನ ಅನಿಸಿಕೆ. ಮೇಲೆ ದೊಡ್ಡದಾಗಿ ಹಾರ್ದಿಕ ಅಭಿನಂದನೆಗಳು, ನಡುವೆ ಆಯ್ಕೆಯಾದವರ ಫೋಟೋ, ಕೆಳಗೆ ಶುಭ ಕೋರುವವರ ಇಪ್ಪತ್ತು ಮುಖ. ಶುಭಾಶಯ ಒಂದೇ ಸಾಲು, ಕೋರುವವರಿಗೇ ಅರ್ಧ ಜಾಗ.

ಲಿಂಕ್ಡ್‌ಇನ್ 2003ರ ಮೇ ತಿಂಗಳಲ್ಲಿ ಶುರುವಾದದ್ದು. ಈಗ ಅದರಲ್ಲಿ ತಂತಿಯ ಪಟ್ಟಿ, ಬಿನ್ನವತ್ತಳೆಯ ಸಭೆ, ಫ್ಲೆಕ್ಸಿನ ಮುಖಗಳು ಮೂರೂ ಸೇರಿವೆ. ಯಾರಾದರೂ ಹೊಸ ಹುದ್ದೆ ಹಾಕಿಕೊಂಡರೆ ನಮಗೆ ಸುದ್ದಿ ಬರುತ್ತೆ, ಕೆಳಗೆ ರೆಡಿಮೇಡ್ ಅಭಿನಂದನೆ ಕಾದಿರುತ್ತೆ, ಒತ್ತಿದರೆ ಹೋಯಿತು. ಹಳೇ 8ಕ್ಕೂ ಇದಕ್ಕೂ ವ್ಯತ್ಯಾಸ ಒಂದೇ. ಆಗ ನಂಬರು ಹಾಕೋಕೆ ಊರಿನ ತಂತಿ ಕಚೇರಿವರೆಗೆ ನಡೆದು ಹೋಗಿ ದುಡ್ಡು ಕೊಡಬೇಕಿತ್ತು. ವಾಕ್ಯ ಬಾಡಿಗೆಯದಾದರೂ ನಡಿಗೆ ಸ್ವಂತದ್ದು. ಈಗ ಆ ನಡಿಗೆಯೂ ಇಲ್ಲ, ಹಾಗಾಗಿ ಏನಾದರೂ ತೋರಿಸಬೇಕು ಅಂದರೆ ವಾಕ್ಯದಲ್ಲೇ ತೋರಿಸಬೇಕು.

ಹೋದ ವರ್ಷ ನನ್ನ ಗೆಳೆಯನೊಬ್ಬನಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿತು. ಇಬ್ಬರೂ ನ್ಯಾಮತಿ ಕಡೆಯವರೇ. ಜೋಳ, ಅಡಿಕೆ ಮಾರಿದ ದುಡ್ಡಲ್ಲಿ ದಾವಣಗೆರೆಯಲ್ಲಿ ಬಿಇ ಮಾಡಿ, ಆಮೇಲೆ ಬೆಂಗಳೂರಲ್ಲಿ ಮೂರು ವರ್ಷ ಒಂದೇ ಟೀಮಲ್ಲಿ ಇದ್ದವರು. ಅವನಿಗೆ ನಾಲ್ಕು ಸಾಲು ಬರೆಯಬೇಕಿತ್ತು. ನಾಲ್ಕು ಸಾಲಿಗೆ ಎರಡು ಸಂಜೆ ಹಿಡಿಯಿತು.

ಮೊದಲನೇ ಪ್ರಶ್ನೆ, ಯಾವಾಗ. ಆಫರ್ ಬಂದ ದಿನವೇ ಫೋನಲ್ಲಿ ಕುಣಿದಾಗಿತ್ತು, ಆದರೆ ಅದು ಫೋನಿನ ಮಾತು. ನಮ್ಮ ಫೀಲ್ಡಲ್ಲಿ ಆಫರ್ ಕೈಗೆ ಬಂದಮೇಲೆ ರಾಜೀನಾಮೆ, ಅದಾದ ಮೇಲೆ ಅನೇಕ ಕಡೆ 90 ದಿನದ ನೋಟಿಸ್, ನಡುವೆ ವೀಸಾ. ವೀಸಾ ತಡವಾಗಬಹುದು, ತಿರಸ್ಕಾರವೂ ಆಗಬಹುದು. ಆ ಮೂರು ತಿಂಗಳು ಮನುಷ್ಯ ಇತ್ತ ಇಲ್ಲ, ಅತ್ತ ಇಲ್ಲ. ಆಗ ಗೆಳೆಯರೇ ಊರೆಲ್ಲಾ ಸಾರಿದರೆ ಇರೋ ಕಂಪನಿಯಲ್ಲಿ ಅವನಿಗೆ ಕಷ್ಟ. ಅಲ್ಲಿಗೆ ಹೋದಮೇಲೂ ಜರ್ಮನಿಯ ಕಾನೂನಿನಲ್ಲಿ ಆರು ತಿಂಗಳವರೆಗೆ ಪ್ರೊಬೇಷನ್ ಇಡಬಹುದು, ಆ ಅವಧಿಯಲ್ಲಿ ಎರಡು ವಾರದ ನೋಟಿಸಿನಲ್ಲಿ ಯಾವ ಕಡೆಯವರಾದರೂ ಬಿಡಿಸಿಕೊಳ್ಳಬಹುದು. ಅದಕ್ಕೇ ಕೆಲವರು ಆರು ತಿಂಗಳು ಕಳೆಯೋ ತನಕ ಪ್ರೊಫೈಲನ್ನೇ ಮುಟ್ಟೋದಿಲ್ಲ. ನನ್ನ ಅವ್ವ ಇದನ್ನ 'ದೃಷ್ಟಿ ಆಗುತ್ತೆ, ಸುಮ್ನಿರು' ಅನ್ನುತ್ತಿದ್ದಳು. ಎರಡೂ ಹೆಚ್ಚುಕಮ್ಮಿ ಒಂದೇ ಸಲಹೆ.

ಆದ್ದರಿಂದ ನಾನು ಇಟ್ಟುಕೊಂಡ ನಿಯಮ, ಅವನು ತಾನೇ ಹಾಕಿದ ಮೇಲೆ ನಾನು. ಇದರಲ್ಲೂ ಒಂದು ಕೊಕ್ಕೆ ಇದೆ. ಹೊಸ ಹುದ್ದೆ ಸೇರಿಸೋ ಪುಟದಲ್ಲಿ `Notify network` ಅಂತ ಒಂದು ಗುಂಡಿ ಇರುತ್ತೆ. ಅದನ್ನ ಗಮನಿಸದೆ ಹಳೇ ಹುದ್ದೆಯ ವಿವರ ಸರಿಮಾಡೋಕೆ ಹೋದವರಿಗೂ ಹೊಸ ಕೆಲಸದ ಅಭಿನಂದನೆ ಬಂದು ಬೀಳೋದನ್ನ ನೋಡಿದ್ದೀನಿ. ಬರೀ ನೋಟಿಫಿಕೇಷನ್ ನಂಬಬಾರದು. ಅವನೇ ಕೈಯಾರೆ ಬರೆದ ಪೋಸ್ಟ್ ಬಂತಾ ನೋಡಿ, ಒಂದು ಫೋನ್ ಮಾಡಿ, 'ಹಾಕ್ಲೇನೋ?' ಅಂತ ಕೇಳಿ ಹಾಕಬೇಕು.

ಎರಡನೇ ಪ್ರಶ್ನೆ, ಏನು ಬಿಡಬೇಕು. ಸೇರಿದ ತಾರೀಖು, ಮ್ಯಾನೇಜರ್ ಹೆಸರು, ಸಂಬಳದ ಸುಳಿವು, ವೀಸಾ ಬಗೆ ಯಾವುದೂ ಬೇಡ. ಕಾರಣ ನಾಚಿಕೆ ಅಲ್ಲ. ಹೊಸದಾಗಿ ಸೇರಿದವರನ್ನು ಇಂಥ ಪೋಸ್ಟುಗಳಲ್ಲಿ ಹುಡುಕಿ, ಅವರ ಕಂಪನಿಯ ಸಿಇಒ ಹೆಸರಲ್ಲಿ ಇಮೇಲ್ ಕಳಿಸಿ, ಅರ್ಜೆಂಟಾಗಿ ಗಿಫ್ಟ್ ಕಾರ್ಡ್ ಕೊಂಡು ನಂಬರು ಕಳಿಸು ಅನ್ನೋ ಮೋಸ ಎಲ್ಲಾ ಕಡೆ ನಡೀತಿದೆ. ಮೊದಲ ವಾರದಲ್ಲಿ ಯಾರು ಯಾರು ಅಂತಲೇ ಗೊತ್ತಿರೋದಿಲ್ಲ, ದೊಡ್ಡ ಸಾಹೇಬರು ಕೇಳಿದ್ದಾರೆ ಅಂತ ಮಾಡಿಬಿಡ್ತಾರೆ. ನನ್ನ ಹೊಗಳಿಕೆಯಲ್ಲಿ ಅವನ ಮ್ಯಾನೇಜರ್ ಹೆಸರಿದ್ದರೆ ಆ ಇಮೇಲ್ ಇನ್ನೂ ನಿಜದ ಹಾಗೆ ಕಾಣುತ್ತೆ.

ಮೂರನೇದು ಕನ್ನಡದಲ್ಲಿ ಬರೆಯೋವಾಗ ಬರೋ ಫಜೀತಿ. ಅವನು ಅನ್ನಬೇಕಾ, ಅವರು ಅನ್ನಬೇಕಾ? ಇಂಗ್ಲಿಷಲ್ಲಿ ಬರೆದರೆ ಈ ಪ್ರಶ್ನೆ ಹುಟ್ಟೋದೇ ಇಲ್ಲ. ನಾವಿಬ್ಬರು ಎದುರುಬದುರು 'ಲೇ' ಇಲ್ಲದೆ ಮಾತಾಡಿದವರಲ್ಲ. ಆದರೆ ಈ ಮಾತನ್ನು ಅವನ ಹಳೇ ಟೀಮಿನ ಹುಡುಗರು ಓದುತ್ತಾರೆ, ಅವನು ಅವರಿಗೆ ಲೀಡ್ ಆಗಿದ್ದವನು. 'ಅವರು' ಅಂದರೆ ಬಿನ್ನವತ್ತಳೆ ಆಗಿ ಅವನೇ ನಗುತ್ತಾನೆ. 'ಲೇ' ಅಂದರೆ ಬಸ್ ಸ್ಟ್ಯಾಂಡ್ ಆಗುತ್ತೆ. ಕೊನೆಗೆ ಸಭೆಗೆ ಹೇಳೋ ಭಾಗದಲ್ಲಿ 'ಇವನು' ಅಂತ ಇಟ್ಟು, ಕೊನೇ ಒಂದು ಸಾಲನ್ನ ಮಾತ್ರ ನೇರ ಅವನಿಗೆ ತಿರುಗಿಸಿದೆ.

ಏನು ಹೇಳಬೇಕು ಅನ್ನೋದಕ್ಕೆ ನಾನು ಇಟ್ಟುಕೊಂಡ ಅಳತೆ ಎಂಟನೇ ನಂಬರೇ. ಹೆಸರು ಬದಲಾಯಿಸಿ ಬೇರೆಯವರಿಗೂ ಕಳಿಸಬಹುದಾದ ವಾಕ್ಯವನ್ನೆಲ್ಲಾ ಹೊಡೆದು ಹಾಕಿದೆ. ಕಠಿಣ ಪರಿಶ್ರಮಿ ಹೋಯಿತು, ಹೊಸ ಪಯಣ ಹೋಯಿತು, ಊರಿಗೆ ಹೆಮ್ಮೆ ಅನ್ನೋದೂ ಹೋಯಿತು. ಉಳಿದದ್ದು ಇಷ್ಟು:

'ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ನಮ್ಮ ಟೀಮಲ್ಲಿ ಮೊದಲು ಲಾಗ್ ತೆಗೆಯುತ್ತಿದ್ದವನು ಇವನು. ಯಾರ ತಪ್ಪು ಅಂತ ಕೇಳೋ ಮೊದಲು ಸರಿಮಾಡಿರುತ್ತಿದ್ದ, ಸರಿಯಾದ ಮೇಲೂ ಕೇಳುತ್ತಿರಲಿಲ್ಲ. ನ್ಯಾಮತಿಯ ಈ ಗೆಳೆಯ ಈಗ ಮ್ಯೂನಿಕ್‌ನಲ್ಲಿ ಹೊಸ ಕೆಲಸಕ್ಕೆ ಸೇರಿದ್ದಾನೆ. ಅಲ್ಲಿನ ಟೀಮಿನವರು ಇನ್ನು ನೆಮ್ಮದಿಯಾಗಿ ಮಲಗಬಹುದು. ಒಳ್ಳೇದಾಗ್ಲಿ ಕಣೋ, ಊಟ ಬಿಡಬೇಡ.'

ಕೆಳಗೆ ಇದನ್ನೇ ಎರಡು ಸಾಲಿನ ಇಂಗ್ಲಿಷಲ್ಲೂ ಹಾಕಿದೆ, ಅವನ ಹೊಸ ಆಫೀಸಿನವರಿಗೆ ಅಂತ. ಊಟದ ಮಾತನ್ನ ಇಂಗ್ಲಿಷಿಗೆ ತರಲಿಲ್ಲ. ತಂದಿದ್ದರೆ ಡಾಕ್ಟರ್ ಸಲಹೆ ತರ ಕೇಳಿಸುತ್ತಿತ್ತು.

ಪೋಸ್ಟಿಗೆ ರೆಡಿಮೇಡ್ ಕಂಗ್ರಾಟ್ಸ್‌ಗಳು ಸಾಲಾಗಿ ಬಂದವು. ನಾನು ಅವನ್ನು ಹಳಿಯೋದಿಲ್ಲ. ತಂತಿಯ ಕೊನೆಗಿದ್ದ ಹೆಸರಿನ ಹಾಗೆ ಅವುಗಳಲ್ಲೂ ಹೆಸರನ್ನಾದರೂ ಓದಬಹುದು, ಗೆಳೆಯನೂ ಒಂದೊಂದೇ ಹೆಸರು ಓದಿದನಂತೆ. ಅವುಗಳ ನಡುವೆ ಅವನ ಹಳೇ ಟೀಮಿನ ಒಬ್ಬಳು ಹುಡುಗಿ ಬರೆದಿದ್ದಳು, ಒಂದು ರಾತ್ರಿ ಬಿದ್ದ ಸರ್ವರ್ ತನ್ನ ಕೋಡಿನಿಂದಲೇ ಬಿದ್ದದ್ದು, ಅದು ಅವನಿಗೆ ಗೊತ್ತಿತ್ತು ಅಂತ ತನಗೆ ಆಮೇಲೆ ತಿಳಿಯಿತು ಅಂತ. ಗೆಳೆಯ ಆ ಕಾಮೆಂಟನ್ನ ಫೋನಲ್ಲಿ ತನ್ನ ಅವ್ವನಿಗೆ ಓದಿ ಹೇಳಿದ. ಅವರಿಗೆ ಸರ್ವರ್ ಅಂದರೆ ಏನು ಅಂತ ಗೊತ್ತಿಲ್ಲ. 'ಆ ಹುಡುಗಿಗೆ ಬೈಲಿಲ್ವಂತಲ್ಲ, ಒಳ್ಳೇದು ಮಾಡ್ದೆ ಬಿಡು' ಅಂದರಂತೆ.