ಮೂಡಿಗೆರೆಯ ದೀರ್ಘವೂ ಪಾಸ್‌ಪೋರ್ಟಿನ ಎರಡು ಸಾಲೂ

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಹೊರಬಂದದ್ದು 1901ರಲ್ಲಿ. ಅದು ಆಗಿನ ಕಡೂರು ಜಿಲ್ಲೆಯ, ಅಂದರೆ ಈಗಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳ ಸಂಪುಟ. ಕಳಸದ ಕಲ್ಲುಗಳು ಮೂಡಿಗೆರೆ ತಾಲ್ಲೂಕಿನ ಭಾಗದಲ್ಲಿ ಬರುತ್ತವೆ. 13ನೆಯ ಶತಮಾನದಲ್ಲಿ ಕಳಸವನ್ನು ಆಳಿದ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ಇಬ್ಬರು ರಾಣಿಯರನ್ನು ನಾವು ತಿಳಿದಿರುವುದು ಇಂಥ ಶಾಸನಗಳಿಂದಲೇ.

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಕನ್ನಡ ಬಲ್ಲವರು. ಶಾಸನಪಾಠವನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ಸುಮ್ಮನಾಗದೆ ರೋಮನ್ ಲಿಪಿಯಲ್ಲೂ ಅಚ್ಚು ಹಾಕಿಸಿದರು. ದೀರ್ಘಸ್ವರದ ತಲೆಯ ಮೇಲೆ ಟೋಪಿಯಂಥ ಗುರುತು, ಳಕಾರಕ್ಕೆ l ಅಕ್ಷರದ ಕೆಳಗೊಂದು ಚುಕ್ಕೆ. ಹೀಗಾಗಿ ಕನ್ನಡದ ಒಂದಕ್ಷರವೂ ಗೊತ್ತಿಲ್ಲದ ಲಂಡನ್ನಿನ ವಿದ್ವಾಂಸನೂ ‘ಕಾಳಲ’ ಎಂಬುದನ್ನು ತಪ್ಪಿಲ್ಲದೆ ತಿರುಗಿ ಕಟ್ಟಬಹುದಿತ್ತು. ಟೋಪಿ, ಚುಕ್ಕೆಗಳನ್ನು ತೆಗೆದುಬಿಡಿ. ಉಳಿಯುವುದು Kalala. ಅದು ಕಾಳಲ ಇರಬಹುದು, ಕಲಾಳ ಇರಬಹುದು, ಕಾಲಲ ಇರಬಹುದು. ಏಳುನೂರು ವರ್ಷ ಕಲ್ಲಿನಲ್ಲಿ ಕೂತ ಹೆಸರು ಎರಡು ಗುರುತು ಬಿದ್ದುಹೋದೊಡನೆ ಅನಾಮಿಕವಾಗುತ್ತದೆ.

ನಮ್ಮ ಹೆಸರುಗಳಿಗೆ ಆದದ್ದು ಇದೇ. ಆದರೆ ಒಂದೇ ದಿನ ಆದದ್ದಲ್ಲ.

ಭಾರತದ ಹೆಸರುಗಳನ್ನು ರೋಮನ್ನಿನಲ್ಲಿ ಬರೆಯುವುದಕ್ಕೆ ಮೊದಲಿನಿಂದಲೂ ಎರಡು ದಾರಿ ಇದ್ದವು. ಒಂದು ಕಿವಿಯ ದಾರಿ. ಇಂಗ್ಲಿಷಿನವನ ಕಿವಿಗೆ ಹೇಗೆ ಬಿತ್ತೋ ಹಾಗೆ, ಇಂಗ್ಲಿಷಿನ ಕಾಗುಣಿತದಲ್ಲೇ ಬರೆಯುವುದು. ಊಕಾರಕ್ಕೆ oo, ಈಕಾರಕ್ಕೆ ee, ಔಕಾರಕ್ಕೆ ow. ಹಿಂದೂಸ್ತಾನಿ ವ್ಯಾಕರಣ ಬರೆದ ಗಿಲ್‌ಕ್ರಿಸ್ಟ್ ಇದನ್ನೇ ಒಂದು ಪದ್ಧತಿಯ ಮಟ್ಟಕ್ಕೆ ತಂದ. ಇನ್ನೊಂದು ಪಟ್ಟಿಯ ದಾರಿ. ನಮ್ಮ ಒಂದೊಂದು ಅಕ್ಷರಕ್ಕೂ ಒಂದೊಂದು ರೋಮನ್ ಅಕ್ಷರವನ್ನು ಗೊತ್ತುಮಾಡಿಕೊಂಡು ಅದನ್ನು ಬಿಡದೆ ಪಾಲಿಸುವುದು. 1788ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ದಾರಿ ತೆರೆಯಿತು. 1871ರಲ್ಲಿ ಡಬ್ಲ್ಯು.ಡಬ್ಲ್ಯು. ಹಂಟರ್ ಭಾರತದ ಅಂಕಿತನಾಮಗಳ ಕಾಗುಣಿತಕ್ಕೆಂದೇ ಒಂದು ಕೈಪಿಡಿ ತಂದ. ಅವನದು ರಾಜಿಯ ಪಟ್ಟಿ: ಸ್ವರಗಳಿಗೆ ಜೋನ್ಸನ ಕ್ರಮ, ದೀರ್ಘಕ್ಕೆ ಒಂದು ಗುರುತು, ಆದರೆ ತ ಮತ್ತು ಟ ಎರಡಕ್ಕೂ ಬರಿಯ t. ಕಲ್ಕತ್ತ, ಬೊಂಬಾಯಿಯಂಥ ಬೇರುಬಿಟ್ಟ ಕಾಗುಣಿತಗಳನ್ನು ಅವನು ಮುಟ್ಟಲಿಲ್ಲ. ಸರ್ಕಾರ ಒಪ್ಪಿಕೊಂಡದ್ದು ಇದನ್ನೇ.

ಗಮನಿಸಬೇಕಾದ್ದು, ಸರ್ಕಾರದ ಕಾಳಜಿ ಇದ್ದದ್ದು ಊರುಗಳ ಹೆಸರಿನ ಬಗ್ಗೆ. ಅಂಚೆ ತಲುಪಬೇಕು, ನಕ್ಷೆ ಗೆಜೆಟಿಯರುಗಳು ಒಂದಕ್ಕೊಂದು ಕೂಡಬೇಕು. ಆದರೂ ಊರುಗಳೇ ಪೂರ್ತಿ ನೆಟ್ಟಗಾಗಲಿಲ್ಲ. ಮೂಡಿಗೆರೆ ಆಗಿನ ಸರ್ಕಾರಿ ಪುಸ್ತಕಗಳಲ್ಲಿ Mudgere, ಡಿಕಾರದ ಗುಡಿಸೇ ಇಲ್ಲ. ಈಗ ಅದು Mudigere, ಕೆಲವು ಫಲಕಗಳಲ್ಲಿ Moodigere. ಮೊದಲನೆಯದು ಪಟ್ಟಿಯ ಸಂತಾನ, ಎರಡನೆಯದು ಕಿವಿಯದು. ಜಿಲ್ಲಾಕೇಂದ್ರ Chickmagalur, Chikmagalur ಎಂದೆಲ್ಲ ಓಡಾಡಿ, 2014ರ ನವೆಂಬರ್ 1ರಂದು ಸರ್ಕಾರಿ ಆದೇಶದ ಮೇಲೆ Chikkamagaluru ಆಯಿತು. ಅಂದು ಹೆಸರು ತಿದ್ದಿಸಿಕೊಂಡ ಹನ್ನೆರಡು ನಗರಗಳಲ್ಲಿ ಅದೂ ಒಂದು.

ಮನುಷ್ಯರಿಗೆ ಇಂಥ ಆದೇಶ ಯಾವತ್ತೂ ಬರಲಿಲ್ಲ. ಬರಬಾರದೂ ಕೂಡ. ಹೆಸರನ್ನು ರೋಮನ್ನಿಗೆ ಇಳಿಸುವ ಕೆಲಸ ಎದುರಿಗಿದ್ದ ಬರಹಗಾರನ ಪಾಲಾಯಿತು. ಶಾಲೆಯಲ್ಲಿ ಹೆಡ್‌ಮಾಸ್ತರು, ಬ್ಯಾಂಕಿನಲ್ಲಿ ಗುಮಾಸ್ತ, ಕಾಫಿ ತೋಟದಲ್ಲಿ ಚೆಕ್‌ರೋಲ್ ಬರೆಯುವ ರೈಟರು. ಘಟ್ಟದ ಕೆಳಗಿನಿಂದ ತುಳು ಮಾತಾಡುತ್ತ ಬಂದ ಆಳಿನ ಹೆಸರನ್ನು ರೈಟರು ಕೇಳಿದಂತೆ ಬರೆದುಕೊಂಡರು. ಮುಂದೆ ಭವಿಷ್ಯನಿಧಿ ಬಂದಾಗ ಆ ಕಾಗುಣಿತವೇ ಅದಕ್ಕೂ ಹೋಯಿತು. 1942ರ ಕಾಫಿ ಕಾಯ್ದೆಯಡಿ ತೋಟದ ಮಾಲೀಕರು ನೋಂದಾಯಿಸಿಕೊಳ್ಳಬೇಕಾದಾಗ ಅವರ ಹೆಸರೂ ಇಂಗ್ಲಿಷ್ ಫಾರಂ ಹತ್ತಿತು. ಟೈಪ್‌ರೈಟರಿನಲ್ಲಿ ಟೋಪಿಯೂ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ.

ಹೀಗೆ ಗುರುತುಗಳು ಬಿದ್ದುಹೋದ ಮೇಲೆ ಜನ ತಮ್ಮದೇ ಉಪಾಯಗಳನ್ನು ಹುಡುಕಿಕೊಂಡರು. ದೀರ್ಘ ಉಳಿಸಬೇಕೆಂದವರು ಕಿವಿಯ ದಾರಿಗೆ ಮರಳಿದರು. ಮೂಡಿಗೆರೆಯಲ್ಲಿ ಬಾಳಿದ ತೇಜಸ್ವಿಯವರ ಹೆಸರು Poornachandra ಎಂದು ಕಾಣುವುದು ಹೀಗೆ. ಗ್ರಂಥಾಲಯದ ಸೂಚಿಗಳಲ್ಲಿ ಅದೇ ಹೆಸರು ಗುರುತುಗಳ ಸಮೇತ Pūrṇacandra. ತಕಾರ ಟಕಾರಗಳನ್ನು ಬೇರೆ ಮಾಡಲು ದಕ್ಷಿಣದವರು ತಕಾರಕ್ಕೆ th ಹಚ್ಚಿದರು. ಉತ್ತರದ Sujata ನಮ್ಮಲ್ಲಿ Sujatha. ಇದರಲ್ಲೊಂದು ತಮಾಷೆ ಇದೆ. ತಕಾರದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ನಾವು ದಕಾರವನ್ನು ಹಾಗೇ ಬಿಟ್ಟೆವು. ದೇವರಾಜನ ದಕಾರಕ್ಕೂ ಪಾಂಡುರಂಗನ ಡಕಾರಕ್ಕೂ ಒಂದೇ d. ಮೇಲಾಗಿ th ಅನ್ನು ತಕಾರಕ್ಕೆ ಕೊಟ್ಟಮೇಲೆ ಮಂಜುನಾಥನ ಥಕಾರಕ್ಕೆ ಬೇರೆ ಏನೂ ಉಳಿಯಲಿಲ್ಲ.

ಅಕಾರದ ಕಥೆ ಇನ್ನೂ ಕಷ್ಟದ್ದು. ಅ, ಆ ಎರಡಕ್ಕೂ ಒಂದೇ a. ರಾಮ ಎಂಬ ಗಂಡಸೂ ರಮಾ ಎಂಬ ಹೆಂಗಸೂ Rama. ಕೊನೆಯ ಅಕಾರವನ್ನು ಕನ್ನಡ ಉಚ್ಚರಿಸುತ್ತದೆ, ಹಿಂದಿ ನುಂಗುತ್ತದೆ. ಆದ್ದರಿಂದ ಶ್ರೀನಿವಾಸನಿಗೆ ಕೊನೆಯಲ್ಲಿ a ಇರಬೇಕೋ ಬೇಡವೋ ಎಂಬುದು ಬರೆಯುವವನ ಮೇಲೆ ನಿಂತಿತು.

ಈಗ ಒಂದು ಕಲ್ಪಿತ ಹೆಸರನ್ನೇ ಹಿಡಿದು ನೋಡೋಣ. ಕಳಸದ ಶ್ರೀನಿವಾಸ ಗೌಡರ ಮಗಳು ಸುಜಾತ. ‘ಶ್ರೀ’ಯನ್ನು Sri, Sree, Shri, Shree ಎಂದು ನಾಲ್ಕು ಬಗೆಯಲ್ಲಿ ಬರೆಯುವವರಿದ್ದಾರೆ. ಕೊನೆಯ a ಇರುವುದು, ಇಲ್ಲದಿರುವುದು ಸೇರಿದರೆ ಶ್ರೀನಿವಾಸ ಎಂಟು ಬಗೆ. ಗೌಡ ಎನ್ನುವುದು Gowda, Gouda, Gauda ಎಂದು ಮೂರು. ಅಲ್ಲಿಗೆ ಇಪ್ಪತ್ತನಾಲ್ಕು. ಮಗಳ ಹೆಸರಿನ ಎರಡು ಬಗೆ ಸೇರಿದರೆ ನಲವತ್ತೆಂಟು. ಇವುಗಳಲ್ಲಿ ಯಾವುದನ್ನೂ ತಪ್ಪು ಎನ್ನುವಂತಿಲ್ಲ. ಕನ್ನಡದಲ್ಲಿ ಮಾತ್ರ ಬರೆಯುವ ಬಗೆ ಒಂದೇ.

ಅಪ್ಪನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ Sreenivas, ತೋಟದ ನೋಂದಣಿಯಲ್ಲಿ Srinivasa Gowda, ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ Sujatha K S. ಹಳ್ಳಿಯಲ್ಲಿ ಇದರಿಂದ ಏನೂ ಕೆಡುವುದಿಲ್ಲ, ಎಲ್ಲರಿಗೂ ಎಲ್ಲರೂ ಗೊತ್ತು. ಕೆಡುವುದು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ. ಅಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮಲೆನಾಡಿನ ಇನಿಷಿಯಲ್ಲಿನಲ್ಲಿ ಸಾಮಾನ್ಯವಾಗಿ ಊರು ಅಥವಾ ಮನೆ, ಆಮೇಲೆ ತಂದೆ. ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಎಂದರೆ ಕುಪ್ಪಳಿ, ಪುಟ್ಟಪ್ಪ, ಆಮೇಲೆ ಅವರದೇ ಹೆಸರು. ಅದರಲ್ಲಿ ಕುಲನಾಮ ಎಂಬುದೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಮಾತ್ರ ಕೊಟ್ಟ ಹೆಸರಿಗೊಂದು, ಕುಲನಾಮಕ್ಕೊಂದು, ಎರಡು ಖಾನೆ. ಕುಲನಾಮದ ಖಾನೆ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಸುಜಾತ ಕುಲನಾಮದ ಜಾಗಕ್ಕೆ ಸರಿದು, ಹೆಸರಿನ ಜಾಗದಲ್ಲಿ FNU ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಅಲ್ಲಿ ಹೋದ ನಮ್ಮ ಮಕ್ಕಳು ‘ಫ್ನು’ ಎಂದು ಕರೆಸಿಕೊಳ್ಳುವುದು ಹೀಗೆ.

ಖಾನೆ ಸರಿಯಾಗಿ ತುಂಬಿದರೆ ಪಾಸ್‌ಪೋರ್ಟಿನ ಚಿತ್ರವಿರುವ ಪುಟದ ಬುಡದಲ್ಲಿ, ಯಂತ್ರ ಓದುವ ಎರಡು ಸಾಲುಗಳಲ್ಲಿ ಮೊದಲನೆಯದು ಹೀಗಿರುತ್ತದೆ:

```
P<INDGOWDA<<SUJATHA<SRINIVASA<<<<<<<<<<<<<<<
```

ಸಾಲಿಗೆ 44 ಸ್ಥಾನ. ಮೊದಲ ಐದು ಪುಸ್ತಕದ ಬಗೆಗೂ ದೇಶಕ್ಕೂ ಹೋದರೆ ಹೆಸರಿಗೆ ಉಳಿಯುವುದು 39. ಕುಲನಾಮ ಮುಗಿದಲ್ಲಿ ಎರಡು ಬಾಣ, ಪದಗಳ ನಡುವೆ ಒಂದು, ಉಳಿದ ಜಾಗಕ್ಕೂ ಅದೇ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 9303ನೆಯ ದಾಖಲೆ ಗೊತ್ತುಮಾಡಿದ ಕ್ರಮ ಇದು. ಹೆಸರಿನಲ್ಲಿ A ಇಂದ Z ವರೆಗಿನ ದೊಡ್ಡಕ್ಷರಗಳಿಗೆ ಮಾತ್ರ ಪ್ರವೇಶ. ರೈಸ್ ಅವರ ಟೋಪಿ, ಚುಕ್ಕೆಗಳಿಗೆ ಇಲ್ಲಿ ಜಾಗವಿಲ್ಲ. ಈ ಸಾಲನ್ನು ಓದುವ ಯಂತ್ರ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. Srinivasa, Sreenivas ಎರಡೂ ಕಿವಿಗೆ ಒಂದೇ ಎಂಬುದು ಅದಕ್ಕೆ ತಿಳಿಯದು.

ಆದ್ದರಿಂದ ಶಾಸ್ತ್ರೀಯವಾದ ಪಟ್ಟಿಯೊಂದನ್ನು ಎಲ್ಲರ ಮೇಲೂ ಹೇರಿದರೆ ಸಮಸ್ಯೆ ಮುಗಿಯುತ್ತದೆ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಪಟ್ಟಿಗಳಿಗೇನೂ ಕೊರತೆಯಿಲ್ಲ, 2001ರಲ್ಲಿ ಬಂದ ಐಎಸ್ಒ 15919 ಕನ್ನಡದ ಪ್ರತಿ ಅಕ್ಷರಕ್ಕೂ ಸ್ಥಾನ ಕೊಟ್ಟಿದೆ. ಪುಸ್ತಕಸೂಚಿಗೆ, ಶಾಸನಕ್ಕೆ ಅದು ಬೇಕೇ ಬೇಕು. ಆದರೆ ಪಾಸ್‌ಪೋರ್ಟಿನಲ್ಲಿ ಗುರುತುಗಳು ಉದುರಿದ ಮೇಲೆ ಅದರ Gauḍa ಬರಿಯ Gauda ಆಗುತ್ತದೆ. ಅದರಿಂದ ಗೌಡರಿಗೆ ಸಿಗುವ ಲಾಭವೇನು? ಸುಜಾತಳಿಗೆ ಬೇಕಾದ್ದು ಸರಿಯಾದ ಕಾಗುಣಿತಕ್ಕಿಂತ ಹೆಚ್ಚಾಗಿ ಎಲ್ಲ ಕಡೆಯೂ ಒಂದೇ ಆದ ಕಾಗುಣಿತ. ಅಂಕಪಟ್ಟಿಯಲ್ಲಿ th ಇದ್ದರೆ ಅದನ್ನೇ ಹಿಡಿದು, ಅಪ್ಪನ ಹೆಸರನ್ನು ಒಂದು ರೂಪಕ್ಕೆ ತಂದು, ಆಮೇಲೆ ಅರ್ಜಿ ಹಾಕುವುದು ಕ್ಷೇಮ. ಪಾಸ್‌ಪೋರ್ಟಿನಲ್ಲಿ ತಂದೆತಾಯಿಯರ ಹೆಸರೂ ಅಚ್ಚಾಗುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಹಿಮ್ಮುಖದ ಪ್ರಯಾಣ. ಆಧಾರ್ ನೋಂದಣಿಯಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆಯುತ್ತಾರೆ, ತಂತ್ರಾಂಶ ಅದನ್ನು ಕನ್ನಡಕ್ಕೆ ತಿರುಗಿಸುತ್ತದೆ. Sujatha ಎಂಬುದನ್ನು ಅದು ‘ಸುಜಾಥ’ ಮಾಡಬಹುದು. ಎದುರಿಗೆ ಕೂತವರು ಪರದೆ ನೋಡಿ ತಿದ್ದಿಸದಿದ್ದರೆ ಅದೇ ಕಾರ್ಡಿನಲ್ಲಿ ಅಚ್ಚಾಗುತ್ತದೆ. ತಕಾರವನ್ನು ಉಳಿಸಲೆಂದು ಹಿರಿಯರು ಹಚ್ಚಿದ h, ಕನ್ನಡದಲ್ಲೇ ತಕಾರವನ್ನು ತಿಂದುಹಾಕಿತು. ಇತ್ತ ಪಹಣಿ, ‘ಭೂಮಿ’ ಯೋಜನೆಯಲ್ಲಿ ಗಣಕಕ್ಕೆ ಹೋದ ಮೇಲೂ, ಕನ್ನಡದಲ್ಲೇ ಇದೆ. ಅಪ್ಪನ ತೋಟದ ಪಾಲು ‘ಸುಜಾತ’ಳ ಹೆಸರಿನಲ್ಲಿ, ಆಧಾರ್ ‘ಸುಜಾಥ’ಳದು. ಪಹಣಿಗೆ ಆಧಾರ್ ಜೋಡಿಸುವ ಈ ದಿನಗಳಲ್ಲಿ ಇಂಥವರು ನೋಟರಿಯ ಹತ್ತಿರ ಹೋಗಿ, ಛಾಪಾ ಕಾಗದದ ಮೇಲೆ ‘ಈ ಎರಡು ಹೆಸರಿನವಳೂ ನಾನೊಬ್ಬಳೇ’ ಎಂದು ಪ್ರಮಾಣ ಮಾಡಿ ಬರುತ್ತಾರೆ.

ಇನ್ನು ಮುಂದೆ ಹುಟ್ಟುವ ಮಕ್ಕಳಿಗೆ ಈ ತೀರ್ಮಾನ ತೊಟ್ಟಿಲ ಹತ್ತಿರವೇ ಆಗಬೇಕಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ. ಹೆಸರಿಡುವ ಮೊದಲೇ ಜನನ ನೋಂದಣಿಯಾಗಿದ್ದರೆ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆ ಫಾರಂ ತುಂಬುವಾಗ ಕನ್ನಡದಲ್ಲಿ ಬರೆದುಕೊಂಡು ಹೋಗಿ, ದೀರ್ಘಕ್ಕೆ ಏನು, ತಕಾರಕ್ಕೆ ಏನು, ಕೊನೆಯ ಅಕಾರ ಇರಬೇಕೋ ಬೇಡವೋ ಎಂಬ ಮೂರನ್ನು ಮನೆಯಲ್ಲೇ ಗೊತ್ತುಮಾಡಿಕೊಂಡಿದ್ದರೆ, ಗುಮಾಸ್ತನ ಕಿವಿಗೆ ಕೆಲಸವಿರುವುದಿಲ್ಲ. ಅಣ್ಣನದು Gowda ಆಗಿದ್ದರೆ ತಂಗಿಯದೂ ಅದೇ ಆಗಲಿ.